ಕಾಣದ ಪಟ್ಟೆಯ ಕಥೆ

"ಏನ್ರೀ ಇದು, ಈ ಕೆಲಸ 1900ನೇ ಇಸವಿಯಲ್ಲೇ ಶುರುವಾಗಿದೆಯಲ್ಲ? ನಿಮ್ಮ ತಾತನ ಕೈಲಿ ಮಾಡಿಸಿದ್ರಾ?"

ಮೀಟಿಂಗಿನಲ್ಲಿದ್ದ ಹಿರಿಯರೊಬ್ಬರು ಹೀಗೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಪ್ರೊಜೆಕ್ಟರಿನ ಪರದೆ ಮೇಲೆ ನಾನು ಎಕ್ಸೆಲ್‌ನಲ್ಲಿ ಮಾಡಿದ್ದ ಗ್ಯಾಂಟ್ ಚಾರ್ಟ್ ಇತ್ತು. ಹಿಂದಿನ ರಾತ್ರಿ ನನ್ನ ಕಂಪ್ಯೂಟರಿನಲ್ಲಿ ಮದುವಣಗಿತ್ತಿಯ ಹಾಗಿದ್ದ ಚಾರ್ಟು. ಬೆಳಿಗ್ಗೆ ಬೇರೆಯವರ ಲ್ಯಾಪ್‌ಟಾಪಿನಲ್ಲಿ ಕೊನೇ ಗಳಿಗೆಯಲ್ಲಿ ಒಂದೇ ಒಂದು ತಾರೀಖು ತಿದ್ದಿದ್ದೆ, ಅಷ್ಟೆ. ಒಂದು ನೀಲಿ ಪಟ್ಟೆ ಹೋಗಿ ಎಡಗಡೆ ಗೋಡೆಗೆ ಅಂಟಿಕೊಂಡಿತ್ತು. ಉಳಿದವೆಲ್ಲ ಬಲತುದಿಯಲ್ಲಿ ಇರುವೆ ಸಾಲಿನಂತೆ ಮುದುರಿದ್ದವು. ಅಕ್ಷದ ಮೇಲೆ ಶುದ್ಧವಾಗಿ 1900 ಎಂದು ಬರೆದಿತ್ತು.

ಅದು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದವನಿಗೆ ಇನ್ನೂರೈವತ್ತು ವರ್ಷಗಳ ಒಂದು ಕಥೆಯೇ ಸಿಕ್ಕಿತು. ಅದನ್ನು ಹೇಳೋಣ ಅಂತ ಈ ಬರಹ. ಚಾರ್ಟು ಮಾಡುವ ವಿಧಾನವೂ ನಡುವೆ ಬರುತ್ತದೆ. ಯಾಕೆ ಹಾಗೆ ಮಾಡಬೇಕು ಅನ್ನುವುದು ಗೊತ್ತಾದರೆ ವಿಧಾನವನ್ನು ನೆನಪಿಟ್ಟುಕೊಳ್ಳುವ ಕಷ್ಟ ಇರುವುದಿಲ್ಲ.

ಮೊದಲೇ ಒಂದು ಮಾತು. ಚಾರ್ಟಿನ 'ಬಾರ್'ಗೆ ನಾನು ಇಲ್ಲಿ ಪಟ್ಟೆ ಅನ್ನುತ್ತೇನೆ. ಬಾರ್ ಅಂದರೆ ಕೆಲವರ ಗಮನ ಬೇರೆ ಕಡೆ ಹೋಗುವ ಸಾಧ್ಯತೆ ಇದೆ :)

*

ತೇಲುವ ಗೆರೆ, ನೆಟ್ಟ ಪಟ್ಟೆ

ಜೋಸೆಫ್ ಪ್ರೀಸ್ಟ್ಲಿ ಹೆಸರನ್ನು ನಾವು ಹೈಸ್ಕೂಲಿನಲ್ಲಿ ಆಮ್ಲಜನಕದ ಪಾಠದಲ್ಲಿ ಓದಿದ್ದೇವೆ. ಆತ ಅದಕ್ಕೂ ಮೊದಲು ಇಂಗ್ಲೆಂಡಿನ ವಾರಿಂಗ್ಟನ್ ಎಂಬಲ್ಲಿ ಮೇಷ್ಟ್ರಾಗಿದ್ದ. ಇತಿಹಾಸ ಪಾಠ ಮಾಡುವಾಗ ಯಾರ ಕಾಲದಲ್ಲಿ ಯಾರಿದ್ದರು ಎಂದು ಹುಡುಗರಿಗೆ ತೋರಿಸಬೇಕಿತ್ತು. 1765ರಲ್ಲಿ ಒಂದು ದೊಡ್ಡ ಹಾಳೆ ಅಚ್ಚು ಹಾಕಿಸಿದ. ಮೇಲೆ ಅಡ್ಡಡ್ಡಲಾಗಿ ಕ್ರಿ.ಪೂ. 1200ರಿಂದ ಕ್ರಿ.ಶ. 1800ರವರೆಗಿನ ಇಸವಿಗಳು. ಕೆಳಗೆ ಸುಮಾರು ಎರಡು ಸಾವಿರ ಜನರ ಹೆಸರು, ಪ್ರತಿಯೊಬ್ಬರಿಗೂ ಒಂದೊಂದು ಗೆರೆ. ಹುಟ್ಟಿದ ಇಸವಿಯಲ್ಲಿ ಗೆರೆ ಶುರು, ಸತ್ತ ಇಸವಿಯಲ್ಲಿ ಮುಕ್ತಾಯ. ಹುಟ್ಟಿದ್ದೋ ಸತ್ತದ್ದೋ ಸರಿಯಾಗಿ ಗೊತ್ತಿಲ್ಲದಿದ್ದರೆ ಅಲ್ಲಿ ಗೆರೆಯ ಬದಲು ಚುಕ್ಕಿಗಳು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಗೆರೆಯ ಎಡಗಡೆ ಏನೂ ಇಲ್ಲ, ಖಾಲಿ ಕಾಗದ. ಗೆರೆ ಎಲ್ಲಿ ಬೇಕಾದರೂ ಶುರುವಾಗಬಹುದು, ಅದು ಕಾಲದ ಮೇಲೆ ತೇಲುತ್ತದೆ.

ಇದಾಗಿ ಇಪ್ಪತ್ತೊಂದು ವರ್ಷಕ್ಕೆ, 1786ರಲ್ಲಿ, ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಇಂಗ್ಲೆಂಡಿನ ವ್ಯಾಪಾರದ ಲೆಕ್ಕಗಳನ್ನೆಲ್ಲ ಚಿತ್ರಗಳಾಗಿ ಮಾಡಿ ಒಂದು ಅಟ್ಲಾಸ್ ತಂದ. ಈತ ಕೆಲಕಾಲ ಉಗಿ ಯಂತ್ರದ ಜೇಮ್ಸ್ ವಾಟ್ ಹತ್ತಿರ ಡ್ರಾಫ್ಟ್ಸ್‌ಮನ್ ಆಗಿದ್ದವನು. ಅಟ್ಲಾಸಿನ ಚಿತ್ರಗಳೆಲ್ಲ ವರ್ಷದಿಂದ ವರ್ಷಕ್ಕೆ ಏರಿಳಿಯುವ ಗೆರೆಗಳು. ಒಂದು ಮಾತ್ರ ಬೇರೆ. ಸ್ಕಾಟ್ಲೆಂಡಿನ ಆಮದು-ರಫ್ತಿನ ಬಗ್ಗೆ ಅವನಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿತ್ತು, 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗೆ. ಏರಿಳಿತ ತೋರಿಸಲು ವರ್ಷಗಳೇ ಇಲ್ಲವಲ್ಲ, ಏನು ಮಾಡುವುದು? ಹದಿನೇಳು ದೇಶಗಳ ಹೆಸರನ್ನು ಸಾಲಾಗಿ ಬರೆದು, ಪ್ರತಿ ದೇಶದ ಮುಂದೆ ವ್ಯಾಪಾರದ ಮೊತ್ತದಷ್ಟು ಉದ್ದದ ಅಡ್ಡಪಟ್ಟೆ ಎಳೆದ. ಇವತ್ತಿನ ಬಾರ್ ಚಾರ್ಟಿನ ಮೂಲ ಇದು.

ಪ್ರೀಸ್ಟ್ಲಿಯ ಗೆರೆಗೂ ಪ್ಲೇಫೇರನ ಪಟ್ಟೆಗೂ ನೋಡಲು ಅಣ್ಣತಮ್ಮಂದಿರ ಹೋಲಿಕೆ. ಸ್ವಭಾವ ಮಾತ್ರ ಬೇರೆ. ಪ್ಲೇಫೇರನ ಪಟ್ಟೆ ಒಂದು ಮೊತ್ತವನ್ನು ಹೇಳುತ್ತದೆ. ಮೊತ್ತ ಅಂದಮೇಲೆ ಸೊನ್ನೆಯಿಂದಲೇ ಶುರುವಾಗಬೇಕು. ಅದು ಗೋಡೆಗೆ ನೆಟ್ಟ ಗೂಟ, ತೇಲುವಂತಿಲ್ಲ.

ಎಕ್ಸೆಲ್ ಮಾಡಿದವರು (1985ರಲ್ಲಿ ಮೆಕಿಂಟಾಷ್‌ಗೆ, 1987ರಲ್ಲಿ ವಿಂಡೋಸ್‌ಗೆ) ನಮಗೆ ಕೊಟ್ಟದ್ದು ಪ್ಲೇಫೇರನ ಪಟ್ಟೆ. ನಮಗೆ ಪ್ರಾಜೆಕ್ಟಿನ ವೇಳಾಪಟ್ಟಿಗೆ ಬೇಕಾದದ್ದು ಪ್ರೀಸ್ಟ್ಲಿಯ ಗೆರೆ. ಒಂದರಿಂದ ಇನ್ನೊಂದನ್ನು ಮಾಡಲು ಜನ ಕಂಡುಕೊಂಡ ಉಪಾಯವೇ ಕಾಣದ ಪಟ್ಟೆ. ಸೊನ್ನೆಯಿಂದ ಶುರುವಿನ ತಾರೀಖಿನವರೆಗೆ ಒಂದು ಪಟ್ಟೆ, ಅದರ ತಲೆಗೆ ಅಂಟಿಸಿ ಕೆಲಸದ ದಿನಗಳಷ್ಟು ಉದ್ದದ ಇನ್ನೊಂದು ಪಟ್ಟೆ. ಆಮೇಲೆ ಮೊದಲನೆಯದರ ಬಣ್ಣ ತೆಗೆದುಬಿಡುವುದು. ನೋಡುವವರಿಗೆ ಎರಡನೆಯದು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಯಕ್ಷಗಾನದಲ್ಲಿ ದೇವೇಂದ್ರ ಪೀಠದ ಮೇಲೆ ಕೂತಿರುತ್ತಾನಲ್ಲ, ಹಾಗೆ. ಬಟ್ಟೆ ಎತ್ತಿ ನೋಡಿದರೆ ಕೆಳಗೆ ಮರದ ಪೆಟ್ಟಿಗೆ.

ಗ್ಯಾಂಟ್ ಸ್ವತಃ ಏನು ಮಾಡಿದ್ದ

ಹೆನ್ರಿ ಗ್ಯಾಂಟ್ (1861-1919) ಅಮೆರಿಕದ ಎಂಜಿನಿಯರ್. ಕಾರ್ಖಾನೆಗಳಲ್ಲಿ ಕೆಲಸವನ್ನು ಅಳೆಯುವುದಕ್ಕೆ ಹೆಸರಾದ ಫ್ರೆಡರಿಕ್ ಟೇಲರ್ ಜೊತೆ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಪಳಗಿದವನು. ಮೊದಲ ಮಹಾಯುದ್ಧದಲ್ಲಿ ಅಮೆರಿಕ 1917ರಲ್ಲಿ ಇಳಿದಾಗ ಮದ್ದುಗುಂಡು, ಹಡಗು ಎಲ್ಲ ಎಷ್ಟು ತಯಾರಾಯಿತು, ಎಲ್ಲಿ ಹಿಂದೆ ಬಿತ್ತು ಎಂದು ಸರ್ಕಾರಕ್ಕೆ ಒಂದೇ ನೋಟದಲ್ಲಿ ತೋರಿಸಬೇಕಿತ್ತು. ಅವನ ಚಾರ್ಟುಗಳು ಹೆಸರು ಮಾಡಿದ್ದು ಆಗ. ಅವನು ಸತ್ತ ಮೇಲೆ, 1922ರಲ್ಲಿ, ಜೊತೆಗಾರ ವಾಲೆಸ್ ಕ್ಲಾರ್ಕ್ ಅವುಗಳ ಬಗ್ಗೆ ಪುಸ್ತಕ ಬರೆದ. ಆಮೇಲೆ ಗ್ಯಾಂಟ್ ಚಾರ್ಟ್ ಎಂಬ ಹೆಸರು ದೇಶದೇಶಗಳಿಗೆ ಹೋಯಿತು.

ಆ ಹಾಳೆಗಳಲ್ಲಿ ತಾರೀಖುಗಳ ಮನೆಗಳು ಮೊದಲೇ ಗೆರೆ ಹೊಡೆದು ಸಿದ್ಧವಾಗಿರುತ್ತಿದ್ದವು. ಗುಮಾಸ್ತ ಕೆಲಸ ಶುರುವಾಗುವ ಮನೆಯಲ್ಲಿ ಒಂದು ಮೂಲೆಯ ಗುರುತು, ಮುಗಿಯಬೇಕಾದ ಮನೆಯಲ್ಲಿ ಇನ್ನೊಂದು ಮೂಲೆಯ ಗುರುತು ಹಾಕುತ್ತಿದ್ದ. ನಡುವೆ ಎಷ್ಟು ಕೆಲಸ ನಿಜವಾಗಿ ಆಗಿದೆಯೋ ಅಷ್ಟು ಗೆರೆ. ಮೇಲೆ ಇವತ್ತಿನ ತಾರೀಖಿಗೆ ಒಂದು V ಗುರುತು. ಗೆರೆ ಆ ಗುರುತನ್ನು ಮುಟ್ಟಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ, ಹಿಂದೆ ನಿಂತಿದ್ದರೆ ಯಾಕೆ ಎಂದು ಕೇಳಬೇಕು. ಅಂದರೆ ಗ್ಯಾಂಟ್‌ನ ಗೆರೆ ಮುಖ್ಯವಾಗಿ ಹೇಳುತ್ತಿದ್ದದ್ದು ಏನು ಆಗಿದೆ ಎಂಬುದನ್ನು. ನಾವು ಇವತ್ತು ಅದೇ ಹೆಸರಿನಲ್ಲಿ ಎಳೆಯುವ ಪಟ್ಟೆ ಏನು ಆಗಬೇಕು ಎಂಬುದನ್ನು ಹೇಳಿ ಸುಮ್ಮನಾಗುತ್ತದೆ.

ಗ್ಯಾಂಟ್‌ಗೂ ಮೊದಲು ಪೋಲೆಂಡಿನ ಕಾರೋಲ್ ಆದಾಮಿಯೆಟ್ಸ್‌ಕಿ ಎಂಬ ಉಕ್ಕಿನ ಎಂಜಿನಿಯರ್ 1896ರಲ್ಲೇ 'ಹಾರ್ಮೋನೋಗ್ರಾಮ್' ಎಂಬುದನ್ನು ಮಾಡಿದ್ದ. ಹಲಗೆಯ ಮೇಲೆ ಸರಿಸಬಹುದಾದ ಕಾಗದದ ಪಟ್ಟಿಗಳು, ಕೆಲಸಕ್ಕೊಂದು. ಈ ಕೆಲಸ ಯಾವುದರ ನಂತರ, ಇದರ ನಂತರ ಯಾವುದು ಎಂಬುದನ್ನೂ ಪಟ್ಟಿಯ ಮೇಲೆಯೇ ಬರೆದಿರುತ್ತಿದ್ದರು. ಒಂದನ್ನು ಸರಿಸಿದರೆ ಅದನ್ನು ನಂಬಿಕೊಂಡ ಬೇರೆಯವನ್ನೂ ಸರಿಸಬೇಕು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

*

ಒಂದು ಅಣೆಕಟ್ಟು ಕಟ್ಟಿ ನೋಡೋಣ

ಬರೀ ಮಾತು ಯಾಕೆ, ತಾರೀಖುಗಳು ಎಲ್ಲರಿಗೂ ಸಿಗುವ ಒಂದು ನಿಜವಾದ ಪ್ರಾಜೆಕ್ಟ್ ತೆಗೆದುಕೊಳ್ಳೋಣ. ಅಮೆರಿಕದ ಕೊಲರಾಡೋ ನದಿಯ ಹೂವರ್ ಅಣೆಕಟ್ಟು. 1931ರ ಮಾರ್ಚ್ 11ರಂದು ಆರು ಕಂಪನಿಗಳ ಕೂಟವೊಂದಕ್ಕೆ ಗುತ್ತಿಗೆ ಸಿಕ್ಕಿತು. ಮೊದಲು ಕಣಿವೆಯ ಎರಡೂ ಕಡೆ ಬಂಡೆ ಕೊರೆದು ನಾಲ್ಕು ಸುರಂಗ ಮಾಡಬೇಕು. ನದಿಯನ್ನು ಸುರಂಗಕ್ಕೆ ತಿರುಗಿಸಬೇಕು. ಒಣಗಿದ ತಳವನ್ನು ಗಟ್ಟಿ ಕಲ್ಲು ಸಿಗುವವರೆಗೆ ಅಗೆಯಬೇಕು. ಆಮೇಲೆ ಕಾಂಕ್ರೀಟು.

ಸುರಂಗದ ಕೆಲಸ ಶುರುವಾದದ್ದು 1931ರ ಮೇ ತಿಂಗಳಲ್ಲಿ (ಚಾರ್ಟಿಗೆ ದಿನ ಬೇಕಲ್ಲ, ನಾನು 1ನೇ ತಾರೀಖು ಎಂದು ಇಟ್ಟುಕೊಂಡಿದ್ದೇನೆ). ನದಿ ಸುರಂಗಕ್ಕೆ ತಿರುಗಿದ್ದು 1932ರ ನವೆಂಬರ್ 13. ಅಣೆಕಟ್ಟೆಗೆ ಮೊದಲ ಕಾಂಕ್ರೀಟ್ ಬಿದ್ದದ್ದು 1933ರ ಜೂನ್ 6, ಕೊನೆಯದು 1935ರ ಮೇ 29. ಅಷ್ಟರಲ್ಲೇ, 1935ರ ಫೆಬ್ರವರಿ 1ರಂದು, ಜಲಾಶಯದಲ್ಲಿ ನೀರು ನಿಲ್ಲಿಸಲು ಶುರು ಮಾಡಿದ್ದರು. ಸರ್ಕಾರಕ್ಕೆ ಒಪ್ಪಿಸಿದ್ದು 1936ರ ಮಾರ್ಚ್ 1. ಇಷ್ಟನ್ನು ಹೀಗೆ ತುಂಬಿ:

```
A1: (ಖಾಲಿ)    B1: Start            C1: Days     D1: End
A2: ಸುರಂಗ     B2: =DATE(1931,5,1)  C2: =D2-B2+1 D2: =DATE(1932,11,13)
A3: ತಳ ಅಗೆತ   B3: =D2+1            C3: 204      D3: =B3+C3-1
A4: ಕಾಂಕ್ರೀಟ್   B4: =D3+1            C4: 723      D4: =B4+C4-1
A5: ಉಳಿದದ್ದು    B5: =D4+1            C5: 277      D5: =B5+C5-1
A6: ನೀರು ತುಂಬಿಕೆ B6: =DATE(1935,2,1)  C6: =D6-B6+1 D6: =DATE(1936,3,1)
```

C2ರಲ್ಲಿ 563, C6ರಲ್ಲಿ 395, D5ರಲ್ಲಿ 1936ರ ಮಾರ್ಚ್ 1 ಬಂದರೆ ನೀವು ಸರಿಯಾಗಿ ಟೈಪಿಸಿದ್ದೀರಿ. B ಮತ್ತು D ಕಾಲಂಗಳಲ್ಲಿ ತಾರೀಖಿನ ಬದಲು 11444 ಅಂತೆಲ್ಲ ಕಂಡರೆ ಹೆದರಬೇಡಿ, ಅವುಗಳಿಗೆ ತಾರೀಖಿನ ಫಾರ್ಮ್ಯಾಟ್ ಕೊಡಿ.

ಆ `+1` ಯಾಕೆ? ಸೋಮವಾರ ಶುರುವಾಗಿ ಸೋಮವಾರವೇ ಮುಗಿಯುವ ಕೆಲಸಕ್ಕೆ ಒಂದು ದಿನ ಬೇಕು. ಬರೀ ಕಳೆದರೆ ಸೊನ್ನೆ ಬರುತ್ತದೆ, ಪಟ್ಟೆಯೇ ಕಾಣುವುದಿಲ್ಲ. ಕೊನೆಯ ದಿನವನ್ನೂ ಸೇರಿಸಿ ಎಣಿಸಬೇಕು. ಹಾಗೆಯೇ A1 ಖಾಲಿ ಇರಲಿ. ಅದು ತುಂಬಿದ್ದರೆ ಎಕ್ಸೆಲ್ B ಕಾಲಂನ ತಾರೀಖುಗಳನ್ನೂ ಕೆಲಸದ ಹೆಸರೆಂದು ತಿಳಿದು ಎಡಗಡೆ ಬರೆದುಬಿಡುವುದುಂಟು.

ಈಗ A1ರಿಂದ C6ರವರೆಗೆ ಮಾತ್ರ ಆರಿಸಿ. D ಬೇಡ, ಅದನ್ನು ಸೇರಿಸಿದರೆ ಮೂರನೇ ಪಟ್ಟೆಯಾಗಿ ತಲೆ ಮೇಲೆ ಕೂರುತ್ತದೆ. `Insert` ಒಳಗೆ ಅಡ್ಡಪಟ್ಟೆಗಳ ಗುಂಪಿನಲ್ಲಿ `Stacked Bar` ಒತ್ತಿ. ಪ್ರತಿ ಸಾಲಿನಲ್ಲೂ ಎರಡು ಬಣ್ಣ ಬರುತ್ತದೆ. ಎಡಗಡೆಯದು Start, ಬಲಗಡೆಯದು Days.

ಇಲ್ಲಿ ಒಂದು ನಿಮಿಷ ನಿಲ್ಲಿ. ಬಣ್ಣ ತೆಗೆಯುವ ಮೊದಲು ಕೆಳಗಿನ ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ, `Format Axis` ಗೆ ಹೋಗಿ, `Minimum` ಜಾಗದಲ್ಲಿ 0 ಹಾಕಿ ನೋಡಿ. ಅಕ್ಷದ ಎಡತುದಿಯಲ್ಲಿ ಒಂದು ವಿಚಿತ್ರ ತಾರೀಖು ಬರುತ್ತದೆ: 1900ರ ಜನವರಿ ಸೊನ್ನೆ! ನನ್ನ ತಾತನ ಕಾಲ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇದು. ಎಕ್ಸೆಲ್‌ಗೆ ತಾರೀಖು ಎಂಬುದೇ ಇಲ್ಲ, ಬರೀ ದಿನಗಳ ಎಣಿಕೆ. 1900ರ ಜನವರಿ 1 ಅಂದರೆ 1. ನಮ್ಮ ಸುರಂಗ ಶುರುವಾದ ದಿನ 11444. ಅಂದರೆ ಆ ಕಾಣದ ಪಟ್ಟೆ ಮೂವತ್ತೊಂದು ವರ್ಷ ಉದ್ದ ಇದೆ, ಐದು ವರ್ಷದ ಅಣೆಕಟ್ಟು ಅದರ ತುದಿಯಲ್ಲಿ ಬಾಲದಂತೆ ಇದೆ. 2025ರ ಜನವರಿ 1 ಅಂದರೆ 45658. ಆಗ ಶುರುವಾದ ಪ್ರಾಜೆಕ್ಟಿಗೆ ನಾವು ನೂರಿಪ್ಪತ್ತೈದು ವರ್ಷ ಉದ್ದದ ಪಟ್ಟೆಯೊಂದನ್ನು ಎಳೆದು, ಬಣ್ಣ ಅಳಿಸಿ, ಅದರ ಕೊನೇ ತುಂಡನ್ನು ಮಾತ್ರ ಕಿಟಕಿಯಿಂದ ನೋಡುತ್ತೇವೆ.

ಈ ಎಣಿಕೆಯಲ್ಲೂ ಒಂದು ಹಳೇ ತಪ್ಪು ಉಳಿದಿದೆ. 1900 ಅಧಿಕ ವರ್ಷ ಅಲ್ಲ, ಆ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. 1983ರಲ್ಲಿ ಬಂದ ಲೋಟಸ್ 1-2-3 ಅದನ್ನು ಅಧಿಕ ವರ್ಷವೆಂದೇ ಎಣಿಸಿತು. ಲೋಟಸ್ ಕಡತಗಳು ತನ್ನಲ್ಲಿ ಹಾಗೇ ತೆರೆಯಬೇಕು ಎಂದು ಎಕ್ಸೆಲ್ ಆ ತಪ್ಪನ್ನೂ ಉಳಿಸಿಕೊಂಡಿತು. ಇಂದಿಗೂ ಅದರಲ್ಲಿ 60 ಎಂದರೆ 1900ರ ಫೆಬ್ರವರಿ 29. ನಮ್ಮ ಲೆಕ್ಕಕ್ಕೆ ತೊಂದರೆಯಿಲ್ಲ, ಯಾಕೆಂದರೆ ನಾವು ಕಳೆಯುವ ಎರಡೂ ತಾರೀಖುಗಳು ಆ ಇಲ್ಲದ ದಿನದ ಈಚೆಗೇ ಇವೆ. ಆದರೆ 1900ಕ್ಕಿಂತ ಹಿಂದಿನ ತಾರೀಖನ್ನು ಎಕ್ಸೆಲ್ ತಾರೀಖೆಂದು ಒಪ್ಪುವುದೇ ಇಲ್ಲ, ಬರೀ ಅಕ್ಷರ ಎನ್ನುತ್ತದೆ. ಪ್ರೀಸ್ಟ್ಲಿಯ ಹಾಳೆಯ ಎರಡು ಸಾವಿರ ಜನರಲ್ಲಿ ಒಬ್ಬರನ್ನೂ ಈ ಚಾರ್ಟಿಗೆ ತಾರೀಖಿನ ಮೂಲಕ ತರಲಾಗದು. ಅವರಿಗೆ ಇಸವಿಯನ್ನೇ ಸಾದಾ ಸಂಖ್ಯೆಯಾಗಿ ಕೊಡಬೇಕು.

ಪರದೆ ಎಳೆಯುವುದು

ಈಗ Start ಪಟ್ಟೆಯೊಂದರ ಮೇಲೆ ಬಲ ಕ್ಲಿಕ್, `Format Data Series`, ಅಲ್ಲಿ `Fill` ನಲ್ಲಿ `No fill`, ಅಂಚಿಗೆ `No line`. ಬಿಳಿ ಬಣ್ಣ ಕೊಟ್ಟರೆ ಸಾಲದು. ಬಿಳಿ ಪಟ್ಟೆ ಹಿಂದಿನ ನಿಲುವು ಗೆರೆಗಳನ್ನು ಮುಚ್ಚಿ, ಚಾರ್ಟಿನಲ್ಲಿ ಯಾರೋ ರಬ್ಬರ್ ಹಾಕಿ ಉಜ್ಜಿದಂತೆ ಕಾಣುತ್ತದೆ. ಬಣ್ಣಗಳ ವಿವರ ಹೇಳುವ ಸಣ್ಣ ಪೆಟ್ಟಿಗೆಯನ್ನೂ ಅಳಿಸಿಬಿಡಿ, ಇಲ್ಲದಿದ್ದರೆ ಕಾಣದ ಪಟ್ಟೆಯ ಹೆಸರು ಅಲ್ಲಿ ಉಳಿದು ಗುಟ್ಟು ರಟ್ಟಾಗುತ್ತದೆ.

ಇಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. "Start ಅನ್ನು ಮರೆಮಾಡು" ಎಂದು ಯಾರೋ ಹೇಳಿದ್ದನ್ನು ಕೇಳಿ ಹಾಳೆಯಲ್ಲಿ B ಕಾಲಂ ಅನ್ನೇ `Hide` ಮಾಡಿಬಿಡುತ್ತಾರೆ. ಮರೆಯಾದ ಕಾಲಂಗಳನ್ನು ಎಕ್ಸೆಲ್ ಮಾಮೂಲಾಗಿ ಚಾರ್ಟಿನಲ್ಲಿ ಎಳೆಯುವುದಿಲ್ಲ. ಪೆಟ್ಟಿಗೆ ತೆಗೆದರೆ ದೇವೇಂದ್ರ ನೆಲಕ್ಕೆ! Days ಪಟ್ಟೆಗಳೆಲ್ಲ ಸೊನ್ನೆಗೆ ಬಂದು ನಿಲ್ಲುತ್ತವೆ. ಪಟ್ಟೆ ಇರಬೇಕು, ಕಾಣಬಾರದು, ಅಷ್ಟೆ. ಕಾಲಂ ಮರೆಮಾಡಲೇಬೇಕಿದ್ದರೆ `Select Data` ಒಳಗಿನ `Hidden and Empty Cells` ನಲ್ಲಿ `Show data in hidden rows and columns` ಗೆ ಟಿಕ್ ಹಾಕಿ.

ಮುಂದಿನದು ಸಾಲುಗಳ ಕ್ರಮ. ಹಾಳೆಯಲ್ಲಿ ಮೇಲಿದ್ದ ಸುರಂಗ ಚಾರ್ಟಿನಲ್ಲಿ ಕೆಳಗಿರುತ್ತದೆ, ಯಾಕೆಂದರೆ ಗ್ರಾಫು ಕೆಳಗಿನ ಎಡಮೂಲೆಯಿಂದ ಎಣಿಸುತ್ತದೆ. ಹೆಸರುಗಳಿರುವ ಅಕ್ಷದ `Format Axis` ನಲ್ಲಿ `Categories in reverse order` ಗೆ ಟಿಕ್ ಹಾಕಿದರೆ ಸರಿಹೋಗುತ್ತದೆ. ಆಗ ತಾರೀಖುಗಳು ಚಾರ್ಟಿನ ಮೇಲ್ಗಡೆಗೆ ಜಿಗಿಯುತ್ತವೆ. ಅದನ್ನು ತಪ್ಪು ಎಂದುಕೊಂಡು ತುಂಬ ಜನ ಕೆಳಗಿಳಿಸಲು ಒದ್ದಾಡುತ್ತಾರೆ. ಯಾಕೆ? ಪ್ರೀಸ್ಟ್ಲಿಯೂ ಗ್ಯಾಂಟ್‌ನೂ ತಾರೀಖು ಬರೆದದ್ದು ಮೇಲೆಯೇ. ಅಲ್ಲೇ ಇರಲಿ ಬಿಡಿ.

ಕೊನೆಯದು ಕಿಟಕಿ. ತಾರೀಖಿನ ಅಕ್ಷದ `Minimum` ಗೆ 1931ರ ಜನವರಿ 1 ಬೇಕು, ಅಂದರೆ 11324. (ಯಾವುದೇ ತಾರೀಖಿನ ಸಂಖ್ಯೆ ಬೇಕಿದ್ದರೆ ಆ ಕೋಶಕ್ಕೆ `General` ಫಾರ್ಮ್ಯಾಟ್ ಕೊಟ್ಟರೆ ಕಾಣುತ್ತದೆ.) `Maximum` ಗೆ 1937ರ ಜನವರಿ 1, ಅಂದರೆ 13516. ವರ್ಷಕ್ಕೊಂದು ಗೆರೆ ಇರಲಿ ಎಂದು `Major` ಜಾಗದಲ್ಲಿ 365 ಹಾಕಿ, ಬರೀ ಇಸವಿ ಕಾಣಲಿ ಎಂದು `yyyy` ಫಾರ್ಮ್ಯಾಟ್ ಕೊಟ್ಟೆ. ಬಂದದ್ದು ಹೀಗೆ: 1931, 1932, 1932, 1933, 1934... 1932 ಎರಡು ಸಲ!

ಇಷ್ಟು ಹೊತ್ತಿಗೆ ನಿಮಗೇ ಹೊಳೆದಿರಬೇಕು. 1932 ಅಧಿಕ ವರ್ಷ, 366 ದಿನ. 365 ದಿನಗಳ ಹೆಜ್ಜೆ ಹಾಕುತ್ತಾ ಹೋದರೆ ಮೂರನೇ ಗೆರೆ ಬೀಳುವುದು 1932ರ ಡಿಸೆಂಬರ್ 31ರ ಮೇಲೆ, ಅಲ್ಲಿಂದ ಮುಂದೆ ಎಲ್ಲ ಒಂದು ವರ್ಷ ಹಿಂದೆ. ಈ ಅಕ್ಷಕ್ಕೆ ತಿಂಗಳು, ವರ್ಷ ಎಂಬ ಅಳತೆ ತಿಳಿಯದು, ದಿನ ಮಾತ್ರ ಗೊತ್ತು. ಪ್ಲೇಫೇರನ ಪಟ್ಟೆಯಲ್ಲವೇ, ಅದಕ್ಕೆ ಇದೂ ಒಂದು ಮೊತ್ತ ಅಷ್ಟೆ. ಹೆಜ್ಜೆಯನ್ನು 365.25 ಮಾಡಿ, ಶುರುವನ್ನು ಅರ್ಧ ದಿನ ಮುಂದಕ್ಕೆ ತಳ್ಳಿ 11324.5 ಕೊಟ್ಟರೆ ಈ ಆರು ವರ್ಷಗಳೂ ಸರಿಯಾಗಿ ಬರುತ್ತವೆ. ಪ್ರಾಜೆಕ್ಟ್ ಚಿಕ್ಕದಾಗಿದ್ದರೆ ಇದೆಲ್ಲ ಬೇಡ. ಒಂದು ಸೋಮವಾರದಿಂದ ಶುರು ಮಾಡಿ ಹೆಜ್ಜೆ 7 ಕೊಡಿ, ವಾರ ಯಾವತ್ತೂ ಕೈಕೊಡುವುದಿಲ್ಲ. ತಿಂಗಳಿಗೆ 30 ಅಂತ ಮಾತ್ರ ಕೊಡಲು ಹೋಗಬೇಡಿ.

ನನ್ನ ಪಟ್ಟೆ ಯಾಕೆ ಗೋಡೆಗೆ ಅಂಟಿತು

ಆ ಲ್ಯಾಪ್‌ಟಾಪು ಅಮೆರಿಕದ ಪದ್ಧತಿಯಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ನಾನು ನಮ್ಮ ಅಭ್ಯಾಸದಂತೆ ದಿನ ಮೊದಲು ಟೈಪ್ ಮಾಡಿದ್ದೆ, ದಿನ 12ಕ್ಕಿಂತ ದೊಡ್ಡದು. ಹದಿಮೂರನೇ ತಿಂಗಳು ಅದಕ್ಕೆ ಎಲ್ಲಿಂದ ಸಿಗಬೇಕು? ಅದನ್ನು ತಾರೀಖಲ್ಲ, ಬರೀ ಅಕ್ಷರ ಎಂದುಕೊಂಡಿತು. ಚಾರ್ಟಿನ ಮಟ್ಟಿಗೆ ಅಕ್ಷರದ ಬೆಲೆ ಸೊನ್ನೆ. ಕಾಣದ ಪಟ್ಟೆಯ ಉದ್ದ ಸೊನ್ನೆಯಾಯಿತು, ಕಾಣುವ ಪಟ್ಟೆ 1900ಕ್ಕೆ ಹೋಗಿ ಬಿತ್ತು. ದಿನಗಳನ್ನು ಕೈಯಾರೆ ಬರೆದಿದ್ದರಿಂದ ಪಟ್ಟೆಯ ಉದ್ದ ಮಾತ್ರ ಸರಿಯಿತ್ತು.

ನಿಜ ಹೇಳಬೇಕೆಂದರೆ ನನ್ನ ಅದೃಷ್ಟ ಚೆನ್ನಾಗಿತ್ತು. ಅಕ್ಷದ `Minimum` ಅನ್ನು ನಾನು ಕಟ್ಟಿಹಾಕಿದ್ದರೆ ಆ ಪಟ್ಟೆ ಕಿಟಕಿಯ ಹೊರಗೆ ಬಿದ್ದು ಮಾಯವಾಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ ದಿನ 12 ಅಥವಾ ಕಡಿಮೆ ಇದ್ದಾಗ. ಮಾರ್ಚ್ 11 ಎಂದು ಬರೆದದ್ದು ಸದ್ದಿಲ್ಲದೆ ನವೆಂಬರ್ 3 ಆಗುತ್ತದೆ, ಪಟ್ಟೆ ಚೆಂದವಾಗಿಯೇ ಕಾಣುತ್ತದೆ. ಅದಕ್ಕೇ ಮೇಲೆ `DATE` ಬಳಸಿದ್ದು, ಅದು ಯಾವ ದೇಶದ ಕಂಪ್ಯೂಟರಿನಲ್ಲೂ ಒಂದೇ ಅರ್ಥ ಕೊಡುತ್ತದೆ. ಅನುಮಾನವಿದ್ದರೆ ಪಕ್ಕದಲ್ಲಿ `=ISNUMBER(B2)` ಎಂದು ಹಾಕಿ ನೋಡಿ. `FALSE` ಬಂದರೆ ಅದು ತಾರೀಖಿನ ವೇಷದ ಅಕ್ಷರ.

*

322 ದಿನ ಮುಂಚೆ?

ಚಾರ್ಟ್ ಸಿದ್ಧವಾಯಿತು. ಮೂರು ಪಟ್ಟೆ ಮೆಟ್ಟಿಲಿನ ಹಾಗೆ ಇಳಿಯುತ್ತವೆ. ನಾಲ್ಕನೆಯದು ಅವುಗಳ ನಂತರ. ನೀರು ತುಂಬುವ ಪಟ್ಟೆ ಕಾಂಕ್ರೀಟಿನ ಕೊನೆಯ ನಾಲ್ಕು ತಿಂಗಳ ಅಡಿಯಲ್ಲೇ ಶುರುವಾಗಿದೆ. ಈಗ ಇದನ್ನು ಒಂದು ಪ್ರಶ್ನೆ ಕೇಳೋಣ.

ಗುತ್ತಿಗೆಯ ಪ್ರಕಾರ ನದಿ ತಿರುಗಿಸಲು ಕೊನೆಯ ದಿನ 1933ರ ಅಕ್ಟೋಬರ್ 1. ತಪ್ಪಿದರೆ ದಿನಕ್ಕೆ 3000 ಡಾಲರ್ ದಂಡ. ತಿರುಗಿದ್ದು 1932ರ ನವೆಂಬರ್ 13, ಅಂದರೆ 322 ದಿನ ಮುಂಚೆ. ಅಷ್ಟೊಂದು ಅವಸರ ಯಾಕಿತ್ತು? ಗಡುವಿನವರೆಗೂ ಎಳೆದಿದ್ದರೆ ಏನಾಗುತ್ತಿತ್ತು? D2ರಲ್ಲಿ ಹೀಗೆ ಬದಲಿಸಿ:

```
D2: =DATE(1933,10,1)
```

ಮೂರು, ನಾಲ್ಕು, ಐದನೇ ಸಾಲುಗಳು ಒಂದಕ್ಕೊಂದು ಸೂತ್ರದಿಂದ ಬಿಗಿದಿರುವುದರಿಂದ ಎಲ್ಲ ಬಲಕ್ಕೆ ಸರಿಯುತ್ತವೆ. ಕಾಂಕ್ರೀಟ್ 1934ರ ಏಪ್ರಿಲ್ 24ಕ್ಕೆ ಶುರುವಾಗಿ 1936ರ ಏಪ್ರಿಲ್ 15ಕ್ಕೆ ಮುಗಿಯುತ್ತದೆ. ಒಪ್ಪಿಸುವುದು 1937ರ ಜನವರಿ 17ಕ್ಕೆ. ಚಾರ್ಟಿನಲ್ಲಿ ಮಾತ್ರ ಕೊನೆಯ ಪಟ್ಟೆ 1937ರ ಜನವರಿ 1ರಲ್ಲೇ ನಿಂತಂತೆ ಕಾಣುತ್ತದೆ, ಯಾಕೆಂದರೆ ನಾವು `Maximum` ಅನ್ನು ಅಲ್ಲಿಗೆ ಕಟ್ಟಿಹಾಕಿದ್ದೇವೆ. ಮಿಕ್ಕ ತುಂಡನ್ನು ಎಕ್ಸೆಲ್ ಸದ್ದಿಲ್ಲದೆ ಕತ್ತರಿಸಿದೆ. ತಾರೀಖು ಬದಲಿಸಿದಾಗಲೆಲ್ಲ ಈ ಎರಡು ತುದಿ ನೋಡಿಕೊಳ್ಳಬೇಕು.

ಅದಿರಲಿ, ಆರನೇ ಸಾಲು ನೋಡಿ. ನೀರು ತುಂಬುವುದು ಅಲ್ಲಾಡಿಲ್ಲ, 1935ರ ಫೆಬ್ರವರಿಯಲ್ಲೇ ಇದೆ. ಕಾಂಕ್ರೀಟ್ ಶುರುವಾಗಿ ಒಂಬತ್ತು ತಿಂಗಳಿಗೆಲ್ಲ ನೀರು ನಿಲ್ಲಿಸಿದ್ದಾರೆ! ಚಾರ್ಟು ಗೊಣಗಲಿಲ್ಲ, ಕೆಂಪಾಗಲಿಲ್ಲ. ಪಟ್ಟೆಗಳಿಗೆ ಪರಸ್ಪರ ಸಂಬಂಧ ಗೊತ್ತಿಲ್ಲ. ಸಂಬಂಧವಿದ್ದರೆ ಅದು B ಕಾಲಂನ ಸೂತ್ರದಲ್ಲಿ, ಅಂದರೆ ಕಾಣದ ಪಟ್ಟೆಯಲ್ಲಿ. ನಾನು B6ರಲ್ಲಿ ಬರೀ ತಾರೀಖು ಬರೆದೆ, ಅದು ಅನಾಥವಾಯಿತು. ಆದಾಮಿಯೆಟ್ಸ್‌ಕಿ ಕಾಗದದ ಪಟ್ಟಿಯ ಮೇಲೆ ಬರೆದಿಡುತ್ತಿದ್ದದ್ದು ಇದನ್ನೇ. ನಿಜವಾಗಿ ನೀರು ನಿಲ್ಲಿಸಿದ್ದು ಕಾಂಕ್ರೀಟ್ ಶುರುವಾಗಿ 605 ದಿನಕ್ಕೆ, ಆದ್ದರಿಂದ ಕನಿಷ್ಠ `=B4+605` ಎಂದಾದರೂ ಬರೆಯಬೇಕಿತ್ತು. ಆಗ D6 ಕೂಡ C6ರಿಂದ ಹುಟ್ಟಬೇಕು, ಅಂದರೆ C6ರಲ್ಲಿ 395, D6ರಲ್ಲಿ `=B6+C6-1`.

ಇಷ್ಟಾದರೂ ದೊಡ್ಡ ತಪ್ಪು ಉಳಿದೇ ಇದೆ. ಕೊಲರಾಡೋ ನದಿಯನ್ನು ಸುರಂಗಕ್ಕೆ ತಿರುಗಿಸಲು ಆಗುತ್ತಿದ್ದದ್ದು ನೀರು ಇಳಿದಿರುವ ಚಳಿಗಾಲದಲ್ಲಿ ಮಾತ್ರ. 1932ರ ಚಳಿಗಾಲ ತಪ್ಪಿದರೆ ಮುಂದಿನದು 1933ರ ಕೊನೆಗೆ, ಅಷ್ಟರಲ್ಲಿ ಅಕ್ಟೋಬರ್ ಗಡುವು ದಾಟಿರುತ್ತದೆ, ದಂಡ ಶುರುವಾಗಿರುತ್ತದೆ. ಅಂದರೆ ಕಾಗದದ ಮೇಲಿನ ಗಡುವು 1933 ಆದರೂ, ನದಿ ಕೊಟ್ಟ ಗಡುವು 1932. ಆ 322 ದಿನ ಯಾರ ಕೈಯಲ್ಲೂ ಇರಲೇ ಇಲ್ಲ. ನಾವು ಈಗ ಎಕ್ಸೆಲ್‌ನಲ್ಲಿ ಮಾಡಿದ ಬದಲಾವಣೆ ನಿಜವಾಗಿ ಸಾಧ್ಯವೇ ಇರಲಿಲ್ಲ, ಆದರೂ ಚಾರ್ಟು ಅದನ್ನು ಅಷ್ಟೇ ಚೆಂದವಾಗಿ ಎಳೆದು ತೋರಿಸಿತು.

ಸ್ಥಳದ ಮೇಲ್ವಿಚಾರಕ ಫ್ರಾಂಕ್ ಕ್ರೋಗೆ ನದಿಯ ಈ ಗಡುವು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸುರಂಗಗಳಲ್ಲಿ ಹಗಲು ರಾತ್ರಿ ಕೆಲಸ ನಡೆಯಿತು. 1931ರ ಬೇಸಗೆಯಲ್ಲಿ ಬಿಸಿಲ ಝಳಕ್ಕೇ ಕೆಲಸಗಾರರು ಸತ್ತರು, ಆಗಸ್ಟಿನಲ್ಲಿ ಮುಷ್ಕರವಾಯಿತು. ಇಡೀ ಅಣೆಕಟ್ಟಿನ ಕೆಲಸದಲ್ಲಿ ಸತ್ತವರ ಸರ್ಕಾರಿ ಲೆಕ್ಕ 96. ನಮ್ಮ ಚಾರ್ಟಿನಲ್ಲಿ ಅದು 563 ದಿನಗಳ ಒಂದು ನೀಲಿ ಪಟ್ಟೆ.

ಒಂದು ಸಾಲು ಯಾಕೆ ಅದೇ ದಿನ ಶುರುವಾಗಬೇಕು, ಯಾಕೆ ಅದೇ ದಿನ ಮುಗಿಯಬೇಕು ಎಂಬುದಕ್ಕೆ ಪಟ್ಟೆಯಲ್ಲಿ ಜಾಗವಿಲ್ಲ. ನಾನು ಈಗೀಗ D ಪಕ್ಕದಲ್ಲಿ E ಕಾಲಂ ಒಂದನ್ನು ಇಟ್ಟು "ಯಾಕೆ" ಎಂದು ತಲೆಬರಹ ಕೊಡುತ್ತೇನೆ. ಹೂವರ್ ಹಾಳೆಯ E2ರಲ್ಲಿ "ಚಳಿಗಾಲದಲ್ಲಿ ಮಾತ್ರ ನದಿ ತಿರುಗುತ್ತದೆ" ಎಂದು ಬರೆದಿದ್ದೇನೆ. ಅದು ಚಾರ್ಟಿನಲ್ಲಿ ಕಾಣುವುದಿಲ್ಲ, ಆದರೆ ಯಾರಾದರೂ D2 ಅನ್ನು ತಿದ್ದಲು ಹೋದರೆ ಕಣ್ಣಿಗೆ ಬೀಳುತ್ತದೆ.

ಅಂದ ಹಾಗೆ, ಕಾಣದ ಪಟ್ಟೆಯ ಇದೇ ಉಪಾಯದಿಂದ ಮಾಡುತ್ತಿದ್ದ ವಾಟರ್‌ಫಾಲ್ ಚಾರ್ಟಿಗೆ ಎಕ್ಸೆಲ್ 2016ರಲ್ಲಿ ತನ್ನದೇ ಗುಂಡಿ ಬಂತು. ಗ್ಯಾಂಟ್‌ಗೆ ಬರಲಿಲ್ಲ. ಸಿದ್ಧ ಟೆಂಪ್ಲೇಟುಗಳಿವೆ, ಚಾರ್ಟಿನ ಪಟ್ಟಿಯಲ್ಲಿ ಹೆಸರಿಲ್ಲ. ಹಾಗಾಗಿ ಇನ್ನೂ ಕೆಲಕಾಲ ನಾವೆಲ್ಲ ಪ್ಲೇಫೇರನ ಪಟ್ಟೆ ಎಳೆದು, ಬಣ್ಣ ಅಳಿಸಿ, ಪ್ರೀಸ್ಟ್ಲಿಯ ಗೆರೆ ಮಾಡಿಕೊಂಡು, ಗ್ಯಾಂಟ್‌ನ ಹೆಸರು ಹೇಳುತ್ತಿರಬೇಕು.

ನಿಮ್ಮ ಚಾರ್ಟು ಯಾವತ್ತಾದರೂ ಹೀಗೆ ಮರ್ಯಾದೆ ತೆಗೆದಿದ್ದರೆ ಕೆಳಗೆ ಬರೆಯಿರಿ. ನಾನೊಬ್ಬನೇ ಅಲ್ಲ ಅನ್ನುವ ಸಮಾಧಾನವಾದರೂ ಆಗಲಿ.